ಊಟದ ನಂತರ ಎದ್ದು ಹೋದವರು ಯಾರು?

(ಮುಂಬಯಿಯಲ್ಲಿ ನಮ್ಮ ಮಹಿಳಾ ವಿಭಾಗದ ಮಾಸಿಕ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಇವತ್ತಿನ ಸಭೆಯ ಸೂಚನೆಯಲ್ಲಿ ಕಾರ್ಯದರ್ಶಿಗಳು ನನ್ನ ವಿಷಯವನ್ನು 'ಎಂಗೇಜ್‌ಮೆಂಟ್ ಅಳೆಯುವುದು ಹೇಗೆ' ಎಂದು ಹಾಕಿದ್ದರು. ಆಗಿನಿಂದ ಮೂವರು ಫೋನ್ ಮಾಡಿ ಯಾರ ಮನೆಯ ನಿಶ್ಚಿತಾರ್ಥ ಎಂದು ಕೇಳಿದರು. ಇದು ಆ ಎಂಗೇಜ್‌ಮೆಂಟ್ ಅಲ್ಲ. ಸಭೆಗೆ ಬಂದವರು ಎಷ್ಟರ ಮಟ್ಟಿಗೆ ಅದರಲ್ಲಿ ತೊಡಗಿಕೊಂಡರು ಎಂದು ತಿಳಿಯುವುದಕ್ಕೆ ನಮ್ಮ ವೃತ್ತಿಯಲ್ಲಿ ಬಳಸುವ ಮಾತು. ಹದಿನಾರು ವರ್ಷಗಳಿಂದ ನಾನು ಸಮ್ಮೇಳನಗಳ ನೋಂದಣಿ ಕೆಲಸ ಮಾಡುತ್ತಿದ್ದೇನೆ. ಬಾಗಿಲಲ್ಲಿ ಬ್ಯಾಡ್ಜ್ ಸ್ಕ್ಯಾನ್ ಮಾಡುವುದು, ಸಂಜೆ ಆ ಪಟ್ಟಿ ನೋಡಿ ಯಾರು ಎಷ್ಟು ಹೊತ್ತಿಗೆ ಬಂದರು, ಯಾವ ಗೋಷ್ಠಿಗೆ ಕೂತರು, ಎಲ್ಲಿ ಎದ್ದು ಹೋದರು ಎಂದು ಲೆಕ್ಕ ಒಪ್ಪಿಸುವುದು ನನ್ನ ಅನ್ನದ ದಾರಿ.

ಇವತ್ತು ಬೇರೆ ಯಾರ ಸಮ್ಮೇಳನದ ಮಾತೂ ಬೇಡ. ಕಳೆದ ವರ್ಷದ ನಮ್ಮದೇ ಮಹಿಳಾ ಸಮಾವೇಶದ ಪಟ್ಟಿಯನ್ನು ತಂದಿದ್ದೇನೆ. ಅದನ್ನು ಓದುವಾಗ ನಾವೆಲ್ಲ ಮಾಡಿದ ಒಂದು ತಪ್ಪಿನಿಂದ ಒಳ್ಳೆಯ ಗೋಷ್ಠಿಯೊಂದು ಕೈತಪ್ಪಿ ಹೋಗುವುದರಲ್ಲಿತ್ತು.

ನಿಮಗೆ ನೆನಪಿರಬಹುದು. ಅವತ್ತು ನಾಲ್ಕು ಗೋಷ್ಠಿಗಳಿದ್ದವು. ಹತ್ತೂವರೆಗೆ ಉದ್ಘಾಟನೆ ಮತ್ತು ಉಪನ್ಯಾಸ, ಹನ್ನೊಂದೂ ಮುಕ್ಕಾಲಿಗೆ ಕಥೆ-ಕವನ ವಾಚನ, ಊಟ, ಎರಡು ಗಂಟೆಗೆ ವಕೀಲರೊಬ್ಬರಿಂದ ಉಯಿಲು, ನಾಮಿನಿ, ಬ್ಯಾಂಕ್ ಕಾಗದಗಳ ಬಗ್ಗೆ ಮಾಹಿತಿ, ಕೊನೆಗೆ ಹಾಡು, ನೃತ್ಯ, ಬಹುಮಾನ. ಪ್ರತಿ ಗೋಷ್ಠಿಗೂ ಸಭಾಂಗಣದ ಬಾಗಿಲಲ್ಲಿ ಬ್ಯಾಡ್ಜಿನ ಕ್ಯೂಆರ್ ಕೋಡ್ ಸ್ಕ್ಯಾನ್ ಆಗಿತ್ತು. ಊಟದ ಮನೆಯ ಬಾಗಿಲಲ್ಲೂ ಕೂಪನ್ ಸ್ಕ್ಯಾನ್ ಆಗಿತ್ತು.

ಮರುವಾರ ಸಮಿತಿಯ ಮುಂದೆ ಬಂದ ಲೆಕ್ಕ ಹೀಗಿತ್ತು: ಮೊದಲ ಗೋಷ್ಠಿಗೆ 118, ಎರಡನೆಯದಕ್ಕೆ 126, ಮೂರನೆಯದಕ್ಕೆ 79, ನಾಲ್ಕನೆಯದಕ್ಕೆ 98. ಅದನ್ನು ನೋಡಿ ಹಿರಿಯರೊಬ್ಬರು ಹೇಳಿದರು: "126ರಿಂದ 79ಕ್ಕೆ ಇಳಿಯಿತು. ನಲವತ್ತೇಳು ಜನ, ಅಂದರೆ ನೂರಕ್ಕೆ ಮೂವತ್ತೇಳು ಜನ ಎದ್ದು ಹೋದರು. ಹಾಡು ಎಂದ ಕೂಡಲೇ ಮತ್ತೆ ಏರಿತು. ನಮ್ಮ ಹೆಂಗಸರಿಗೆ ಕಾನೂನು ಬೇಡ. ಮುಂದಿನ ವರ್ಷ ಆ ಹೊತ್ತಿಗೆ ಅಂತ್ಯಾಕ್ಷರಿ ಇಡೋಣ." ಯಾರೂ ಎದುರು ಮಾತಾಡಲಿಲ್ಲ. ನಾನೂ ಸುಮ್ಮನಿದ್ದೆ. ಅಂಕಿಗಳು ಹಾಗೇ ಹೇಳುತ್ತಿದ್ದವಲ್ಲ!

ಆದರೆ ಅವತ್ತು ಆ ವಕೀಲರ ಹತ್ತಿರ, ಗೋಷ್ಠಿ ಮುಗಿದ ಮೇಲೂ, ಇಬ್ಬರು ಹೆಂಗಸರು ಬಾಗಿಲ ಮೂಲೆಯಲ್ಲಿ ನಿಂತು ದನಿ ತಗ್ಗಿಸಿ ಮಾತಾಡುತ್ತಿದ್ದುದನ್ನು ನಾನು ನೋಡಿದ್ದೆ. ಅದು ತಲೆಯಲ್ಲಿ ಕೊರೆಯುತ್ತಿತ್ತು. ಮನೆಗೆ ಹೋಗಿ ಮೂಲ ಪಟ್ಟಿಯನ್ನೇ ತೆರೆದು ಕೂತೆ.

ಮೊದಲ ತೊಡಕು ಗಡಿಯಾರದ್ದು. ಪಟ್ಟಿಯನ್ನು ಇಳಿಸಿಕೊಂಡಾಗ ಉದ್ಘಾಟನೆಯ ಸ್ಕ್ಯಾನ್‌ಗಳೆಲ್ಲ ಬೆಳಗಿನ ಜಾವ ಐದು ಗಂಟೆಗೆ ಆದ ಹಾಗೆ ಕಾಣಿಸಿತು. ಇದು ಹೊಸಬರನ್ನು ಗಾಬರಿಗೊಳಿಸುತ್ತದೆ. ಇಂಥ ಎಷ್ಟೋ ತಂತ್ರಾಂಶಗಳು ಸಮಯವನ್ನು ಅಂತರರಾಷ್ಟ್ರೀಯ ಗಡಿಯಾರದಲ್ಲಿ ಬರೆದಿಡುತ್ತವೆ. ನಮ್ಮ ಗಡಿಯಾರ ಅದಕ್ಕಿಂತ ಐದೂವರೆ ಗಂಟೆ ಮುಂದೆ. ಐದೂವರೆ ಗಂಟೆ ಕೂಡಿಸಿದ ಮೇಲೆ ಎಲ್ಲ ಸರಿಯಾಯಿತು. ಬೆಳಿಗ್ಗೆ ಎಂಟೂಕಾಲಿಗೇ ಫೋನ್ ಪರೀಕ್ಷೆ ಮಾಡಲು ತಮ್ಮ ಬ್ಯಾಡ್ಜ್‌ಗಳನ್ನೇ ಸ್ಕ್ಯಾನ್ ಮಾಡಿಕೊಂಡ ಸ್ವಯಂಸೇವಕಿಯರನ್ನು ಸಮಿತಿಯ ಲೆಕ್ಕದಲ್ಲಿ ಆಗಲೇ ಬಿಟ್ಟಿದ್ದರು. ನಾನೂ ಬಿಟ್ಟೆ. ಅವರು ಬಂದದ್ದು ಕೆಲಸಕ್ಕೆ. ಅವರನ್ನು ಸೇರಿಸಿದರೆ ಬಂದ ಹೊತ್ತಿನ ಸರಾಸರಿ ಸುಳ್ಳಾಗುತ್ತದೆ.

ಆಮೇಲೆ ಬೆಳಗಿನ ಹಾಜರಿ ನೋಡಿದೆ. ಹತ್ತೂವರೆಗೆ ಸರಿಯಾಗಿ 118ರಲ್ಲಿ 46 ಜನರ ಸ್ಕ್ಯಾನ್ ಮಾತ್ರ ಆಗಿತ್ತು. ಉಳಿದ 72 ಜನ ತಡ. "ನಮ್ಮವರು ಯಾವತ್ತೂ ಹೀಗೇ" ಎಂದು ಸಮಿತಿಯಲ್ಲಿ ನಗುವೂ ಎದ್ದಿತ್ತು. ಆದರೆ ನಿಮಿಷ ನಿಮಿಷದ ಲೆಕ್ಕ ಬೇರೆ ಕಥೆ ಹೇಳಿತು. ಹತ್ತಕ್ಕೆ ಮುಂಚೆ ಸ್ಕ್ಯಾನ್‌ಗಳು ಗುಂಪು ಗುಂಪಾಗಿದ್ದವು. ಎರಡು ಮೂರು ನಿಮಿಷ ಸಾಲಾಗಿ ಜನ, ಆಮೇಲೆ ನಾಲ್ಕೈದು ನಿಮಿಷ ಯಾರೂ ಇಲ್ಲ. ಲೋಕಲ್ ಟ್ರೈನಿನಲ್ಲಿ ಬರುವ ಊರಿನಲ್ಲಿ ಹಾಜರಿ ಹೀಗೆಯೇ ಇರುತ್ತದೆ. ಒಂದು ಗಾಡಿ ಬಂದರೆ ಒಂದು ಗುಂಪು. ಆದರೆ ಹತ್ತೂವರೆಯಿಂದ ಹತ್ತು ಐವತ್ತರವರೆಗೆ ಒಂದು ನಿಮಿಷವೂ ಬಿಡುವಿಲ್ಲದೆ, ಪ್ರತಿ ನಿಮಿಷಕ್ಕೆ ಮೂರು ಜನರಂತೆ, ಇಪ್ಪತ್ತು ನಿಮಿಷದಲ್ಲಿ 60 ಜನ. ಕೊನೆಯ 12 ಜನ ಅಲ್ಲೊಬ್ಬರು ಇಲ್ಲೊಬ್ಬರು.

ಜನ ಯಾವತ್ತೂ ಅಳತೆ ಮಾಡಿದ ಹಾಗೆ ನಿಮಿಷಕ್ಕೆ ಮೂವರಂತೆ ಬರುವುದಿಲ್ಲ. ಹಾಗೆ ಕಂಡರೆ ಅದು ಜನರ ವೇಗವಲ್ಲ, ಮೇಜಿನ ವೇಗ. ಒಬ್ಬಳೇ ಹುಡುಗಿ, ಒಂದೇ ಫೋನ್, ಬ್ಯಾಡ್ಜ್ ಹುಡುಕಿ ಕೊಟ್ಟು ಸ್ಕ್ಯಾನ್ ಮಾಡಲು ಇಪ್ಪತ್ತು ಸೆಕೆಂಡು. ಅಂದರೆ ಅಷ್ಟೂ ಹೊತ್ತು ಅಲ್ಲಿ ಸಾಲು ನಿಂತಿತ್ತು. ಆ ಅರವತ್ತು ಜನರಲ್ಲಿ ಎಷ್ಟು ಮಂದಿ ಹತ್ತೂವರೆಗೆ ಮುಂಚೆಯೇ ಮೆಟ್ಟಿಲ ಮೇಲೆ ನಿಂತಿದ್ದರೋ ಪಟ್ಟಿ ಹೇಳುವುದಿಲ್ಲ. ಸ್ಕ್ಯಾನ್ ಆದ ಹೊತ್ತು ಬಂದ ಹೊತ್ತಲ್ಲ, ಸಾಲಿನ ತುದಿ ಮುಟ್ಟಿದ ಹೊತ್ತು. ಖಂಡಿತ ತಡವಾಗಿ ಬಂದವರು ಎಂದು ಹೇಳಬಹುದಾದದ್ದು ಆ ಕೊನೆಯ ಹನ್ನೆರಡು ಜನರನ್ನು ಮಾತ್ರ.

ಬೆಳಗಿನ ಅಂಕಿಯೇ ಹೀಗೆ ದಾರಿ ತಪ್ಪಿಸಿದ್ದರೆ ಮಧ್ಯಾಹ್ನದ ಅಂಕಿಯನ್ನು ಹೇಗೆ ನಂಬುವುದು? ಈಗ ಮುಖ್ಯ ಪ್ರಶ್ನೆಗೆ ಬಂದೆ.

126ರಿಂದ 79ನ್ನು ಕಳೆದರೆ 47. ಈ ಕಳೆಯುವಿಕೆಯಲ್ಲೇ ಒಂದು ದೋಷವಿದೆ. ಎರಡು ಕೊಡಗಳ ನೀರಿನ ಮಟ್ಟ ನೋಡಿ ಎಷ್ಟು ಸೋರಿತು ಎಂದು ಹೇಳಿದ ಹಾಗೆ. ನಡುವೆ ಯಾರೋ ನೀರು ಸುರಿದಿರಬಹುದು. ಎಷ್ಟು ಜನ ಹೋದರು ಎಂದು ತಿಳಿಯಬೇಕಾದರೆ ಅದೇ ವ್ಯಕ್ತಿಯನ್ನು ಹಿಂಬಾಲಿಸಬೇಕು. ಅದಕ್ಕೆ ದೊಡ್ಡ ವಿದ್ಯೆ ಬೇಡ. ಒಬ್ಬರಿಗೆ ಒಂದು ಸಾಲಿನಂತೆ ಹಾಳೆ ಮಾಡಿ, ನಾಲ್ಕು ಗೋಷ್ಠಿಗೆ ನಾಲ್ಕು ಅಂಕಣ, ಬಂದಿದ್ದರೆ 1, ಇಲ್ಲದಿದ್ದರೆ 0. ಅವತ್ತು ಒಂದಾದರೂ ಗೋಷ್ಠಿಗೆ ಬಂದವರು ಒಟ್ಟು 142, ಹಾಗಾಗಿ 142 ಸಾಲು. ಎರಡನೆಯ ಗೋಷ್ಠಿ C ಅಂಕಣ, ಮೂರನೆಯದು D, ನಾಲ್ಕನೆಯದು E. ಪರದೆಯ ಮೇಲೆ ತೋರಿಸಿದ ಎರಡು ಸೂತ್ರಗಳು ಇವು:

```
=COUNTIFS(C2:C143,1,D2:D143,0)
=COUNTIFS(C2:C143,1,D2:D143,0,E2:E143,0)
```

ಮೊದಲನೆಯದು, ಎರಡನೆಯ ಗೋಷ್ಠಿಯಲ್ಲಿದ್ದು ಮೂರನೆಯದಕ್ಕೆ ಬಾರದವರು ಎಷ್ಟು ಎಂದು ಕೇಳುತ್ತದೆ. ಉತ್ತರ 55. ಅಂದರೆ ನಷ್ಟ ನಾವು ಅಂದುಕೊಂಡದ್ದಕ್ಕಿಂತ ಹೆಚ್ಚು! ಹೊಸದಾಗಿ ಎಂಟು ಜನ ಬಂದು ಸೇರಿದ್ದರಿಂದ ಅದು 47 ಎಂದು ಕಂಡಿತ್ತು. ಇಲ್ಲಿಗೇ ನಿಲ್ಲಿಸಿದ್ದರೆ ಅಂತ್ಯಾಕ್ಷರಿಯ ಪಕ್ಷಕ್ಕೆ ಇನ್ನೂ ಬಲ ಬರುತ್ತಿತ್ತು.

ಎರಡನೆಯ ಸೂತ್ರ ಆ 55 ಜನರಲ್ಲಿ ನಾಲ್ಕನೆಯ ಗೋಷ್ಠಿಗೂ ಬಾರದವರು ಎಷ್ಟು ಎಂದು ಕೇಳುತ್ತದೆ. ಉತ್ತರ 28. ಹಾಗಾದರೆ ಉಳಿದ 27 ಜನ ಮನೆಗೆ ಹೋಗಿರಲೇ ಇಲ್ಲ. ಕಟ್ಟಡದಲ್ಲೇ ಇದ್ದರು. ಒಂದೂವರೆ ಗಂಟೆ ಅವರು ಎಲ್ಲಿದ್ದರು?

ಉತ್ತರ ಊಟದ ಕೂಪನ್‌ಗಳಲ್ಲಿತ್ತು. ಆ 126 ಜನರಲ್ಲಿ ಆರು ಜನ ಉಣ್ಣದೆ ಹೋಗಿದ್ದರು. 120 ಜನ ಉಂಡರು, ಮೂರು ಪಂಕ್ತಿಯಲ್ಲಿ. ಮೊದಲ ಪಂಕ್ತಿ ಒಂದು ಗಂಟೆಗೆ, 44 ಜನ. ಎರಡನೆಯದು ಒಂದೂವರೆಗೆ, 42 ಜನ. ಮೂರನೆಯದು ಎರಡು ಗಂಟೆಗೆ, 34 ಜನ. ಗೋಷ್ಠಿ ಶುರುವಾದದ್ದು ಎರಡು ಗಂಟೆ ಐದು ನಿಮಿಷಕ್ಕೆ. ಮೂರನೆಯ ಪಂಕ್ತಿಗೆ ಆಗಿನ್ನೂ ಸಾರು ಬಡಿಸುತ್ತಿದ್ದರು!

ಪಂಕ್ತಿಯ ಪ್ರಕಾರ ಲೆಕ್ಕ ಮಾಡಿದೆ. ಮೊದಲ ಪಂಕ್ತಿಯ 44ರಲ್ಲಿ 36 ಜನ ಉಯಿಲಿನ ಗೋಷ್ಠಿಗೆ ಬಂದಿದ್ದರು. ಎರಡನೆಯ ಪಂಕ್ತಿಯ 42ರಲ್ಲಿ 27. ಮೂರನೆಯ ಪಂಕ್ತಿಯ 34ರಲ್ಲಿ ಎಂಟೇ ಜನ. ಕಾನೂನಿನ ಆಸಕ್ತಿ ಪಂಕ್ತಿ ನೋಡಿಕೊಂಡು ಬರುವುದಿಲ್ಲವಲ್ಲ. ಇನ್ನೂ ಒಂದು ಹೆಜ್ಜೆ ಹೋಗಿ, ಮನೆಗೇ ಹೋದವರನ್ನು ಪಂಕ್ತಿವಾರು ನೋಡಿದೆ: ಆರು, ಒಂಬತ್ತು, ಏಳು. ಹೆಚ್ಚು ವ್ಯತ್ಯಾಸವಿಲ್ಲ. ವ್ಯತ್ಯಾಸ ಇದ್ದದ್ದು ಕಟ್ಟಡದಲ್ಲಿದ್ದೂ ಒಳಗೆ ಬಾರದವರಲ್ಲಿ. ಅವರು ಎರಡು, ಆರು, ಹತ್ತೊಂಬತ್ತು. ಮೂರನೆಯ ಪಂಕ್ತಿಯವರು ಉಂಡು, ಕೈ ತೊಳೆದು ಬರುವಾಗ ಬಾಗಿಲು ಮುಚ್ಚಿತ್ತು, ಒಳಗೆ ಮಾತು ನಡೆದಿತ್ತು. ಅರ್ಧಕ್ಕೆ ಒಳಗೆ ಹೋಗಲು ಸಂಕೋಚಪಟ್ಟು ಹೊರಗೇ ಕುರ್ಚಿ ಹಾಕಿಕೊಂಡು ಕೂತರು.

ಇಷ್ಟು ಸಿಕ್ಕಿದ ಮೇಲೆ ನನಗೆ ಖುಷಿಯಾಯಿತು, ಸಮಿತಿಗೆ ಬರೆಯಲೂ ಕೂತೆ. ಆಗ ಇನ್ನೊಂದು ಕಣ್ಣಿಗೆ ಬಿತ್ತು. ಮೂರನೆಯ ಗೋಷ್ಠಿಯ ಕೊನೆಯ ಸ್ಕ್ಯಾನ್ ಎರಡು ಮೂವತ್ತೊಂದಕ್ಕೆ. ಆಮೇಲೆ ಗೋಷ್ಠಿ ಮುಗಿಯುವವರೆಗೆ ಒಂದೂ ಇಲ್ಲ. ಬೆಳಿಗ್ಗೆ ಹಾಜರಿ ನಿಧಾನವಾಗಿ ತೆಳುವಾಗುತ್ತ ಹೋಗಿತ್ತು. ಇಲ್ಲಿ ಕತ್ತರಿಸಿದ ಹಾಗೆ ನಿಂತಿತ್ತು. ಹಾಗೆ ಥಟ್ಟನೆ ನಿಂತರೆ ಜನ ಬರುವುದು ನಿಂತಿತು ಎಂದು ತಿಳಿಯಬಾರದು. ಸ್ಕ್ಯಾನ್ ಮಾಡುವವರು ಹೋದರು ಎಂದು ಅನುಮಾನಿಸಬೇಕು. ಬಾಗಿಲಲ್ಲಿದ್ದ ಹುಡುಗಿಗೆ ಫೋನ್ ಮಾಡಿದೆ. "ಆಂಟಿ, ಎರಡೂವರೆ ಆಗಿತ್ತು, ನಾವಿನ್ನೂ ಊಟ ಮಾಡಿರಲಿಲ್ಲ. ಸ್ವಯಂಸೇವಕಿಯರೆಲ್ಲ ಒಟ್ಟಿಗೆ ಕೂತುಬಿಟ್ಟೆವು" ಎಂದಳು. ಪಾಪ, ಅವಳ ತಪ್ಪೇನಿದೆ? ಅವಳಿಗೆ ಊಟಕ್ಕೆ ಹೊತ್ತು ಇಟ್ಟಿರಲಿಲ್ಲವಲ್ಲ, ತಪ್ಪು ನಮ್ಮದು.

ಇಂಥ ಕಡೆ ಸ್ಕ್ಯಾನ್ ಪಟ್ಟಿಯನ್ನು ಬೇರೆ ಯಾವುದರಿಂದಲಾದರೂ ತಾಳೆ ನೋಡಬೇಕು. ನಮ್ಮ ಫೋಟೋಗಳಿದ್ದವು. ಕಥೆ-ಕವನದ ಹೊತ್ತಿನಲ್ಲಿ ವೇದಿಕೆಯಿಂದ ತೆಗೆದ ಫೋಟೋದಲ್ಲಿ ತಲೆ ಎಣಿಸಿದೆ, 128. ಸ್ಕ್ಯಾನ್ 126. ಅಂದರೆ ಅಲ್ಲಿ ಪಟ್ಟಿಯನ್ನು ನಂಬಬಹುದು. ಉಯಿಲಿನ ಗೋಷ್ಠಿಯಲ್ಲಿ ಎರಡು ಐವತ್ತಕ್ಕೆ ತೆಗೆದ ಫೋಟೋದಲ್ಲಿ ಎಣಿಸಿದೆ, 93. ಸ್ಕ್ಯಾನ್ 79. ಹದಿನಾಲ್ಕು ಜನ ಒಳಗೆ ಕೂತಿದ್ದರೂ ಪಟ್ಟಿಯಲ್ಲಿ ಇಲ್ಲ. ಅವರಲ್ಲಿ ಹೆಚ್ಚಿನವರು ಮೂರನೆಯ ಪಂಕ್ತಿಯವರೇ ಇರಬೇಕು, ಆದರೆ ಯಾರು ಯಾರು ಎಂದು ಹೇಳಲಾರೆ. ಹಾಗಾಗಿ ನನ್ನ ಪಂಕ್ತಿವಾರು ಲೆಕ್ಕವೂ ಪೂರ್ತಿ ನಿಜವಲ್ಲ. ಹೊರಗೆ ಉಳಿದ 27 ಜನ ಎಂದು ಆಗ ಹೇಳಿದೆನಲ್ಲ, ಅವರಲ್ಲಿ ಕೆಲವರು ಒಳಗೇ ಇದ್ದಿರಬಹುದು. ಅದನ್ನೂ ವರದಿಯಲ್ಲಿ ಬರೆದೆ. ನಮ್ಮ ವಾದಕ್ಕೆ ಅನುಕೂಲವಾದ ಅಂಕಿಯ ತೂತುಗಳನ್ನೇ ಮೊದಲು ತೋರಿಸಿಬಿಡಬೇಕು. ಇಲ್ಲದಿದ್ದರೆ ಬೇರೆಯವರು ತೋರಿಸುತ್ತಾರೆ.

ಇನ್ನು ಒಳಗೆ ಬಂದವರ ಮಾತು. ನಾವು ಒಳಗೆ ಬರುವಾಗ ಮಾತ್ರ ಸ್ಕ್ಯಾನ್ ಮಾಡಿದ್ದೆವು, ಹೊರಗೆ ಹೋಗುವಾಗ ಅಲ್ಲ. ಐದು ನಿಮಿಷ ಕೂತು ಎದ್ದವರೂ ಒಂದು ಗಂಟೆ ಕೂತವರೂ ನಮ್ಮ ಹಾಳೆಯಲ್ಲಿ ಒಂದೇ. ಕೂತವರು ಕೇಳುತ್ತಿದ್ದರೋ ಫೋನ್ ನೋಡುತ್ತಿದ್ದರೋ ಅದೂ ಗೊತ್ತಿಲ್ಲ. ಬಾಗಿಲಿನ ಸ್ಕ್ಯಾನ್‌ಗೆ ಬಾಗಿಲು ಮಾತ್ರ ಗೊತ್ತು. ಅದೃಷ್ಟಕ್ಕೆ ಅವತ್ತು ಎಲ್ಲ ಗೋಷ್ಠಿಗಳಲ್ಲೂ ಹೆಸರಿಲ್ಲದೆ ಪ್ರಶ್ನೆ ಬರೆದು ಹಾಕಲು ಚೀಟಿ ಕೊಟ್ಟಿದ್ದರು. ಕಥೆ-ಕವನ ಗೋಷ್ಠಿಯಲ್ಲಿ ನಾಲ್ಕು ಚೀಟಿ ಬಂದಿದ್ದವು. ಉಯಿಲಿನ ಗೋಷ್ಠಿಯಲ್ಲಿ ಮೂವತ್ತೊಂದು. ವಕೀಲರು ಹತ್ತಕ್ಕೆ ಮಾತ್ರ ಉತ್ತರ ಕೊಡಲು ಸಾಧ್ಯವಾಯಿತು. ಉಳಿದವನ್ನು ಕೋಶಾಧಿಕಾರಿಗಳು ಒಂದು ಕವರಿನಲ್ಲಿ ಹಾಕಿಟ್ಟಿದ್ದರು. ಓದಿದೆ. "ನಾಮಿನಿಯಲ್ಲಿ ನನ್ನ ಹೆಸರಿದೆ, ಮನೆ ನನ್ನದಾಗುತ್ತದೆಯೇ?" ಎಂದು ಐದಾರು ಜನ ಬೇರೆ ಬೇರೆ ಮಾತಿನಲ್ಲಿ ಕೇಳಿದ್ದರು. ನಾಮಿನಿ ಎಂದ ಮಾತ್ರಕ್ಕೆ ವಾರಸುದಾರರಾಗುವುದಿಲ್ಲ ಎಂದು ವಕೀಲರು ಅವತ್ತು ಹೇಳಿದ್ದರು. ಹೊರಗೆ ಕೂತಿದ್ದವರಿಗೆ ಅದು ತಲುಪಲಿಲ್ಲ.

ಕೊನೆಗೆ, ಅಂಕಿಗಳು ಹೇಳಲಾರದ್ದನ್ನು ಕೇಳಿ ತಿಳಿಯಬೇಕಾಯಿತು. ಮನೆಗೆ ಹೋದ ಆ 28 ಜನರಿಗೆ ಕಾರ್ಯದರ್ಶಿಗಳ ಒಪ್ಪಿಗೆ ಪಡೆದು ಫೋನ್ ಮಾಡಿದೆ. 21 ಜನ ಮಾತಾಡಿದರು. ಮಗುವಿಗೆ ಮರುದಿನ ಪರೀಕ್ಷೆ, ಮನೆಯಲ್ಲಿ ಹಿರಿಯರಿಗೆ ಔಷಧಿ ಕೊಡುವ ಹೊತ್ತು, ಭಾನುವಾರದ ಮೆಗಾ ಬ್ಲಾಕಿನಲ್ಲಿ ಮನೆ ಸೇರುವುದು ಎಷ್ಟು ಹೊತ್ತಾಗುತ್ತದೋ ಎಂಬ ಚಿಂತೆ, ಹೀಗೆ. ವಿಷಯ ಬೇಡವಾಗಿತ್ತು ಎಂದವರು ಇಬ್ಬರು. ಒಬ್ಬರು ಮಾತ್ರ ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: "ಅತ್ತೆಯವರ ಜೊತೆ ಬಂದಿದ್ದೆ. ಉಯಿಲಿನ ಮಾತು ಕೇಳಲು ಅವರ ಪಕ್ಕದಲ್ಲಿ ಹೇಗೆ ಕೂರಲಿ? ಅವರೇನೆಂದುಕೊಂಡಾರು? ತಲೆನೋವು ಅಂತ ಹೇಳಿ ಕರೆದುಕೊಂಡು ಹೋದೆ. ಆ ವಕೀಲರ ನಂಬರ್ ಇದ್ದರೆ ಕೊಡ್ತೀರಾ?"

ನನ್ನ ಹಾಳೆಯಲ್ಲಿ ಅವರು ಎರಡು ಸೊನ್ನೆ. ಆಸಕ್ತಿ ಇಲ್ಲದವರ ಸಾಲಿನಲ್ಲಿ ಇದ್ದರು. ಆ 28 ಜನರಲ್ಲಿ ಆ ವಿಷಯ ಎಲ್ಲರಿಗಿಂತ ಹೆಚ್ಚು ಬೇಕಾಗಿದ್ದದ್ದು ಬಹುಶಃ ಅವರಿಗೇ.

ಇದಾದ ಮೇಲೆ ಸಮಿತಿಯಲ್ಲಿ ಒಬ್ಬರು, ಉಯಿಲಿನ ಗೋಷ್ಠಿಗೆ ಬಂದವರ ಮತ್ತು ಬಾರದವರ ಹೆಸರಿನ ಪಟ್ಟಿ ಕೊಡಿ ಎಂದರು. ಕೊಡಲಿಲ್ಲ. ಹೆಸರು ಬೇಕಾಗಿದ್ದದ್ದು ಫೋನ್ ಮಾಡುವುದಕ್ಕೆ ಮಾತ್ರ. ಅದು ಮುಗಿದ ಮೇಲೆ ಹಾಳೆಯಲ್ಲಿ ಹೆಸರುಗಳನ್ನು ಅಳಿಸಿ ಕ್ರಮಸಂಖ್ಯೆಗಳನ್ನಷ್ಟೇ ಉಳಿಸಿದ್ದೇನೆ. ನಮ್ಮದು ಎಲ್ಲರಿಗೆ ಎಲ್ಲರೂ ಗೊತ್ತಿರುವ ಬಳಗ. ಯಾರು ಉಯಿಲಿನ ಬಗ್ಗೆ ಕೇಳಲು ಕೂತರು ಎಂಬುದು ಮನೆಯೊಳಗಿನ ಮಾತಾಗಿಬಿಡುತ್ತದೆ. ಅಂಥ ಭಯ ಹುಟ್ಟಿದರೆ ಮುಂದಿನ ಸಲ ಯಾರೂ ಬ್ಯಾಡ್ಜ್ ತೋರಿಸುವುದಿಲ್ಲ.

ಅಂತ್ಯಾಕ್ಷರಿಯ ಪ್ರಸ್ತಾಪ ಬಿದ್ದುಹೋಯಿತು. ಉಯಿಲಿನ ಗೋಷ್ಠಿಯನ್ನು ಬೆಳಿಗ್ಗೆಗೆ ಹಾಕೋಣ ಎಂದು ಕೆಲವರು ಹೇಳಿದರು. ನಾನು ಅದೇ ಜಾಗದಲ್ಲಿ, ಊಟದ ನಂತರವೇ ಇರಲಿ ಎಂದೆ. ಹೊತ್ತು, ಊಟ ಎರಡನ್ನೂ ಒಟ್ಟಿಗೆ ಬದಲಿಸಿದರೆ ಜನ ಹೆಚ್ಚಾದರೂ ಯಾವುದರಿಂದ ಹೆಚ್ಚಾಯಿತು ಎಂದು ಗೊತ್ತಾಗುವುದಿಲ್ಲ. ಆದ್ದರಿಂದ ಈ ಸಲ ಊಟ ಹನ್ನೆರಡೂ ಮುಕ್ಕಾಲಿಗೆ ಶುರು, ಹೆಚ್ಚು ಮೇಜು ಹಾಕಿ ಎರಡೇ ಪಂಕ್ತಿ, ಕೊನೆಯ ಪಂಕ್ತಿ ಎದ್ದು ಇಪ್ಪತ್ತು ನಿಮಿಷವಾದ ಮೇಲೆ ಗೋಷ್ಠಿ. ಬೆಳಿಗ್ಗೆ ಬಾಗಿಲಲ್ಲಿ ಎರಡು ಮೇಜು. ಗೋಷ್ಠಿಯ ನಡುವೆ ಒಂದು ಫೋಟೋ, ತಲೆ ಎಣಿಸಲು. ಪ್ರಶ್ನೆಯ ಡಬ್ಬಿ ಸಭಾಂಗಣದೊಳಗೆ ಬೇಡ, ಕೈ ತೊಳೆಯುವ ಜಾಗದ ಪಕ್ಕ. ಒಳಗೆ ಕೂರಲಾರದವರೂ ಚೀಟಿ ಹಾಕಬಹುದು.

ಒಂದು ವಿಷಯದಲ್ಲಿ ಮಾತ್ರ ನನ್ನ ನಿಯಮವನ್ನೇ ಮುರಿದೆ. ಗೋಷ್ಠಿಯ ಹೆಸರಿನಿಂದ 'ಉಯಿಲು' ತೆಗೆದು 'ಮನೆಯ ಕಾಗದಪತ್ರಗಳು' ಎಂದು ಹಾಕಿದ್ದೇವೆ. ಇದರಿಂದ ನನ್ನ ಹೋಲಿಕೆ ಕೆಡುತ್ತದೆ, ಗೊತ್ತು. ಆದರೆ ಆ ಸೊಸೆ ಈ ಸಲ ಅತ್ತೆಯ ಪಕ್ಕದಲ್ಲೇ ಕೂತು ಕೇಳಲಿ. ಲೆಕ್ಕ ಸ್ವಲ್ಪ ಕೆಟ್ಟರೂ ಚಿಂತೆಯಿಲ್ಲ.

ಸಮಾವೇಶ ಮುಂದಿನ ಭಾನುವಾರ. ಮಧ್ಯಾಹ್ನ ಸಭಾಂಗಣದ ಬಾಗಿಲಲ್ಲಿ ಫೋನ್ ಹಿಡಿದು ನಿಲ್ಲಲು ಇನ್ನೂ ಇಬ್ಬರು ಬೇಕು. ಹೆಸರು ಕೊಡುವವರು ಸಭೆ ಮುಗಿದ ಮೇಲೆ ನನ್ನನ್ನು ಕಾಣಿ. ಅವರಿಗೆ ಮೊದಲ ಪಂಕ್ತಿಯಲ್ಲೇ ಊಟ.